ಇಲಿ ಹೋದ ಮೇಲೆ ಉಗ್ರಾಣ ಶುಚಿ ಮಾಡುವ ಕ್ರಮ: ಪೊರಕೆಗಿಂತ ಮೊದಲು ನೀರು

ದಶಲಕ್ಷಣ ಪರ್ವ ಹತ್ತಿರ ಬಂತೆಂದರೆ ವರ್ಷದಲ್ಲಿ ಒಂದೆರಡು ಸಲ ಮಾತ್ರ ತೆರೆಯುವ ಕೋಣೆಗಳ ಬಾಗಿಲು ತೆರೆಯುತ್ತದೆ. ಬಸದಿಯ ಹಿಂದಿನ ಉಗ್ರಾಣ, ಮನೆಯ ಅಟ್ಟ, ಊರಿನಲ್ಲಿ ಬೀಗ ಹಾಕಿಟ್ಟ ಹಿರಿಯರ ಮನೆ, ಹೀಗೆ. ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಘಾಟು ವಾಸನೆ, ಗೋಡೆಯ ಬದಿಯಲ್ಲಿ ಸಾಲಾಗಿ ಬಿದ್ದ ಕಪ್ಪು ಹಿಕ್ಕೆ, ಕಪಾಟಿನ ಮೂಲೆಯಲ್ಲಿ ಹರಿದ ಬಟ್ಟೆ ಮತ್ತು ತೆಂಗಿನ ನಾರಿನ ಒಂದು ಮುದ್ದೆ ಕಂಡರೆ ಅಲ್ಲಿ ಇಲಿ ಸಂಸಾರ ಮಾಡಿತ್ತು ಎಂದು ಯಾರಿಗೂ ಹೇಳಬೇಕಾಗಿಲ್ಲ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಮೂಗಿಗೆ ಸೆರಗೋ ಟವೆಲ್ಲೋ ಅಡ್ಡ ಹಿಡಿದು, ಪೊರಕೆ ತಂದು ಗುಡಿಸಲು ಶುರು ಮಾಡುತ್ತೇವೆ.

ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು ಅದೇ. ಇಲಿ ಬಿಟ್ಟು ಹೋದ ಕೊಳೆಯಲ್ಲಿ ಅಪಾಯ ಇರುವುದು ಅದು ನೆಲದ ಮೇಲೆ ಬಿದ್ದಿರುವಾಗಲ್ಲ. ಒಣಗಿ ಪುಡಿಯಾಗಿ ಗಾಳಿಗೆ ಎದ್ದಾಗ ಮತ್ತು ಒದ್ದೆಯಾಗಿ ಚರ್ಮಕ್ಕೆ ತಗುಲಿದಾಗ. ಪೊರಕೆ ಮೊದಲನೆಯದನ್ನು ಮಾಡುತ್ತದೆ, ಬರಿಗೈ ಎರಡನೆಯದನ್ನು. ಆದ್ದರಿಂದ ಕ್ರಮ ಹೀಗಿರಬೇಕು: ಗಾಳಿಯಾಡಿಸಿ, ಕೈ ಮತ್ತು ಉಸಿರನ್ನು ಕಾಪಾಡಿಕೊಂಡು, ಮೊದಲು ನೆನೆಸಿ, ಆಮೇಲೆ ಎತ್ತಿ, ಕೊನೆಗೆ ಒರೆಸಿ. ಈ ಕ್ರಮವನ್ನು ಒಂದು ಸಾಮಾನ್ಯ ಉಗ್ರಾಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಒಂದು ಕಿಟಕಿ, ಒಂದು ಬಾಗಿಲು. ಮರದ ಕಪಾಟಿನಲ್ಲಿ ಪೂಜೆಯ ಹಿತ್ತಾಳೆ ಪಾತ್ರೆಗಳು ಮತ್ತು ವಸ್ತ್ರಗಳು, ಒಂದು ಹಲಗೆಯ ಮೇಲೆ ಶಾಸ್ತ್ರದ ಪುಸ್ತಕಗಳು, ಮೂಲೆಯಲ್ಲಿ ಅರ್ಧ ಖಾಲಿಯಾದ ಅಕ್ಕಿ ಚೀಲ.

ಇದರಿಂದ ಬರುವ ಕಾಯಿಲೆ ಯಾವುದು?

ನಮ್ಮ ಕರಾವಳಿ ಮತ್ತು ಮಲೆನಾಡಿನವರಿಗೆ ಇಲಿ ಜ್ವರದ ಹೆಸರು ಹೊಸದಲ್ಲ. ವೈದ್ಯರು ಇದನ್ನು ಲೆಪ್ಟೋಸ್ಪೈರೋಸಿಸ್ ಎನ್ನುತ್ತಾರೆ. ಇದರ ರೋಗಾಣು ಇಲಿಯ ಮೂತ್ರದಲ್ಲಿರುತ್ತದೆ. ಒಣಗಿದ ಜಾಗದಲ್ಲಿ ಅದು ಬೇಗ ಸಾಯುತ್ತದೆ, ಆದರೆ ತೇವವಿರುವ ಮಣ್ಣು, ನೀರು, ಪಸೆ ಹಿಡಿದ ಗೋಣಿಚೀಲದಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ಕೈಕಾಲಿನ ಸಣ್ಣ ಗಾಯ, ಒಡೆದ ಹಿಮ್ಮಡಿ, ಕಣ್ಣು, ಬಾಯಿಯ ಮೂಲಕ ಒಳಗೆ ಸೇರುತ್ತದೆ. ಮಳೆಗಾಲದಲ್ಲಿ ಸೋರುವ ಉಗ್ರಾಣದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರಿಗೆ ಇದರ ಭಯ ಹೆಚ್ಚು. ಹಿಕ್ಕೆ ಬಿದ್ದ ಧಾನ್ಯ ಮತ್ತು ಪಾತ್ರೆಗಳಿಂದ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣುವೂ ಹರಡುತ್ತದೆ.

ಉಸಿರಿನ ಮೂಲಕ ಬರುವುದು ಹಂಟಾ ಗುಂಪಿನ ವೈರಸ್‌ಗಳು. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಆರೋಗ್ಯವಂತರಾಗಿದ್ದ ಯುವಕರು ಉಸಿರಾಟದ ತೊಂದರೆಯಿಂದ ಹಠಾತ್ತಾಗಿ ತೀರಿಕೊಂಡಾಗ, ಅಲ್ಲಿನ ಕಾಡಿಲಿಗಳ ಹಿಕ್ಕೆ ಮೂತ್ರದ ಧೂಳಿನಿಂದ ಬಂದ ವೈರಸ್ ಅದಕ್ಕೆ ಕಾರಣವೆಂದು ಪತ್ತೆಯಾಯಿತು. 2012ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ತಂಗಿದ್ದ ಹತ್ತು ಮಂದಿ ಪ್ರವಾಸಿಗರಿಗೆ ಈ ಸೋಂಕು ತಗಲಿ ಮೂವರು ಮೃತಪಟ್ಟರು. ಹೆಚ್ಚಿನವರು ಮಲಗಿದ್ದ ಡೇರೆಗಳ ಗೋಡೆಯ ಪದರದೊಳಗೆ ಇಲಿಗಳು ಗೂಡು ಕಟ್ಟಿದ್ದವು. ಅಲ್ಲಿನ ಆ ವೈರಸ್ ನಮ್ಮ ಮನೆಯ ಇಲಿಗಳಲ್ಲಿ ಇರುವಂಥದ್ದಲ್ಲ, ಗಾಬರಿಯಾಗಬೇಕಿಲ್ಲ. ಆದರೆ 'ಒಣಗಿದ್ದನ್ನು ಗುಡಿಸಬೇಡಿ, ನೆನೆಸಿ ಎತ್ತಿ' ಎಂಬ ನಿಯಮ ಆ ಅನುಭವದಿಂದ ಗಟ್ಟಿಯಾದದ್ದು. ಯಾವ ಇಲಿಯಲ್ಲಿ ಯಾವ ರೋಗಾಣು ಇದೆ ಎಂದು ನೋಡಿ ತಿಳಿಯಲು ಸಾಧ್ಯವಿಲ್ಲದ ಕಾರಣ ಎಲ್ಲ ಇಲಿಗಳ ಕೊಳೆಗೂ ಅದೇ ನಿಯಮ ಅನ್ವಯಿಸುತ್ತದೆ.

ಮೊದಲು ಖಚಿತ ಮಾಡಿಕೊಳ್ಳಿ: ಇಲಿ ನಿಜವಾಗಿ ಹೋಗಿದೆಯೇ?

ಇಲಿ ಇನ್ನೂ ಓಡಾಡುತ್ತಿರುವ ಕೋಣೆಯನ್ನು ತೊಳೆದರೆ ಮರುದಿನ ಮತ್ತೆ ಅದೇ ಸ್ಥಿತಿ. ಒಂದು ಇಲಿ ದಿನಕ್ಕೆ ನಲವತ್ತು ಐವತ್ತು ಹಿಕ್ಕೆ ಹಾಕುತ್ತದೆ. ಹಿಕ್ಕೆ ನೋಡಿದರೆ ಕೆಲವು ಸಂಗತಿ ತಿಳಿಯುತ್ತದೆ. ಹೊಸದು ಕಪ್ಪಾಗಿ ಹೊಳೆಯುತ್ತದೆ, ಹಳೆಯದು ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುವಂತಿರುತ್ತದೆ. ಅಕ್ಕಿಕಾಳಿನಷ್ಟು ಸಣ್ಣದಿದ್ದರೆ ಚಿಕ್ಕ ಇಲಿ, ಅದಕ್ಕಿಂತ ಎರಡು ಮೂರು ಪಟ್ಟು ದಪ್ಪ ಉದ್ದ ಇದ್ದರೆ ದೊಡ್ಡ ಇಲಿ ಅಥವಾ ಹೆಗ್ಗಣ. ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಅದು ಇಲಿಯದಲ್ಲ, ಹಲ್ಲಿಯದು. ಹಳೆಯ ಬಸದಿಗಳಲ್ಲಿ ಬಾವಲಿ ಹಿಕ್ಕೆಯೂ ಇರುತ್ತದೆ. ಅದು ತೂಗಾಡುವ ಜಾಗದ ಕೆಳಗೆ ರಾಶಿಯಾಗಿ ಬಿದ್ದಿರುತ್ತದೆ, ಗೋಡೆಯ ಬದಿಯಲ್ಲಿ ಸಾಲಾಗಿ ಇರುವುದಿಲ್ಲ. ಅದನ್ನೂ ಒಣಗಿದ್ದಾಗ ಗುಡಿಸಬಾರದು.

ಪರೀಕ್ಷೆ ಸುಲಭ. ಏನನ್ನೂ ಗುಡಿಸದೆ, ಗೋಡೆಯ ಅಂಚಿನಲ್ಲಿ ಹಳೆಯ ದಿನಪತ್ರಿಕೆ ಹಾಸಿ ಬಾಗಿಲು ಹಾಕಿ. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿ. ಒಂದು ವಾರ ಕಾಗದದ ಮೇಲೆ ಹೊಸ ಹಿಕ್ಕೆ ಬೀಳದಿದ್ದರೆ, ಬೋನಿಗೂ ಯಾವುದೂ ಬೀಳದಿದ್ದರೆ ಕೆಲಸ ಶುರು ಮಾಡಬಹುದು. ಈ ವಾರದಲ್ಲಿ ಬೋನು ಇಟ್ಟಿದ್ದರೆ ಅದನ್ನು ಬೆಳಿಗ್ಗೆ ಸಂಜೆ ತಪ್ಪದೆ ನೋಡಬೇಕು. ಮರೆತ ಬೋನಿನಲ್ಲಿ ಜೀವ ನೀರಿಲ್ಲದೆ ಸಾಯುತ್ತದೆ. ಜೀವಂತ ಹಿಡಿದು ಬಿಡಬೇಕೆಂಬ ಉದ್ದೇಶವೇ ಅಲ್ಲಿ ವ್ಯರ್ಥ. ಬಿಟ್ಟು ಬಂದ ಮೇಲೆ ಬೋನನ್ನೂ ಕೆಳಗೆ ಹೇಳುವ ದ್ರಾವಣದಲ್ಲಿ ತೊಳೆಯಬೇಕು.

ಗೂಡಿನಲ್ಲಿ ಮರಿಗಳಿದ್ದರೆ

ನಮ್ಮ ಓದುಗರಿಗೆ ಬಹಳ ಮುಖ್ಯವಾದ ಪ್ರಶ್ನೆ ಇದು. ಗೂಡನ್ನು ಮುಟ್ಟುವ ಮೊದಲು, ಬಿಲಗಳನ್ನು ಮುಚ್ಚುವುದಕ್ಕೂ ಮೊದಲು, ಟಾರ್ಚ್ ಬೆಳಕಿನಲ್ಲಿ ದೂರದಿಂದ ನೋಡಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ. ಗೂಡಿನ ಮುದ್ದೆ ಅಲುಗಾಡಿದರೆ, ತೆಳುವಾದ ಕೀಚು ಸದ್ದು ಬಂದರೆ ಒಳಗೆ ಮರಿಗಳಿವೆ. ಆಗ ಕೆಲಸ ನಿಲ್ಲಿಸಿ. ತಾಯಿ ಹೊರಗಿದ್ದಾಗ ದಾರಿ ಮುಚ್ಚಿಬಿಟ್ಟರೆ ಮರಿಗಳು ಒಳಗೆ ಹಸಿದು ಸಾಯುತ್ತವೆ. ಆಮೇಲೆ ಆ ಕೊಳೆತ ವಾಸನೆಯನ್ನು ಹುಡುಕಿ ತೆಗೆಯುವುದೂ ನಮ್ಮ ಪಾಲಿಗೇ ಬರುತ್ತದೆ.

ಇಲಿ ಮರಿಗಳು ಹುಟ್ಟಿದ ಮೂರರಿಂದ ನಾಲ್ಕು ವಾರಕ್ಕೆ ತಾಯಿಯ ಹಾಲು ಬಿಡುತ್ತವೆ. ಕೋಣೆ ಬೇಗ ಬೇಕಿಲ್ಲದಿದ್ದರೆ, ತಿನ್ನುವ ಪದಾರ್ಥಗಳನ್ನೆಲ್ಲ ಹೊರಗೆ ಸಾಗಿಸಿ, ಹೊರಗಡೆಗೆ ತೆರೆಯುವ ಒಂದು ದಾರಿ ಮಾತ್ರ ಬಿಟ್ಟು, ಕಟ್ಟಡದ ಒಳಗಿನ ದಾರಿಗಳನ್ನು ಮುಚ್ಚಿ ನಾಲ್ಕು ವಾರ ಕಾಯುವುದು ಎಲ್ಲಕ್ಕಿಂತ ಒಳ್ಳೆಯದು. ಬೇಗ ಬೇಕಾಗಿದ್ದರೂ ಇದೇ ವ್ಯವಸ್ಥೆ ಮಾಡಿ, ಹಗಲಿನಲ್ಲಿ ಬಾಗಿಲು ಕಿಟಕಿ ತೆರೆದು ಬೆಳಕು ಬಿಡಿ, ರಾತ್ರಿ ಯಾರೂ ಹತ್ತಿರ ಹೋಗಬೇಡಿ. ತನ್ನ ಜಾಗ ಸುರಕ್ಷಿತವಲ್ಲ ಎನಿಸಿದರೆ ತಾಯಿ ಇಲಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಬೇರೆಡೆ ಸಾಗಿಸುವುದುಂಟು. ಎರಡು ಮೂರು ದಿನ ಬಿಟ್ಟು ನೋಡಿದಾಗ ಗೂಡು ಖಾಲಿಯಾಗಿದ್ದರೆ ಮುಂದುವರಿಯಬಹುದು. ಖಾಲಿಯಾಗದಿದ್ದರೆ ಕಾಯುವುದೊಂದೇ ದಾರಿ.

ಗೂಡು ಖಾಲಿಯೆಂದು ಖಚಿತವಾದ ಮೇಲೆ ಎಲ್ಲ ಕಿಂಡಿಗಳನ್ನೂ ಮುಚ್ಚಿ. ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಸಂದಿಯಲ್ಲಿ ಚಿಕ್ಕ ಇಲಿ ನುಗ್ಗುತ್ತದೆ. ಬಟ್ಟೆ, ಮರದ ಚೂರು ತುರುಕಿದರೆ ಕಡಿದು ಬರುತ್ತದೆ. ಸಿಮೆಂಟ್ ಅಥವಾ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬೇಕು.

ಮಾಸ್ಕ್: ಯಾವುದು ಸಾಕು, ಯಾವುದು ಸಾಲದು

ಸೆರಗು, ಟವೆಲ್, ಬಟ್ಟೆಯ ಮಾಸ್ಕ್, ಆಸ್ಪತ್ರೆಗಳಲ್ಲಿ ಕಾಣುವ ನೀಲಿ ಸರ್ಜಿಕಲ್ ಮಾಸ್ಕ್, ಇವು ಯಾವುವೂ ಈ ಕೆಲಸಕ್ಕೆ ಸಾಲವು. ಮುಹಪತ್ತಿಯ ಉದಾಹರಣೆಯಿಂದ ಇದು ನಮಗೆ ಬೇಗ ಅರ್ಥವಾಗುತ್ತದೆ. ಮುಹಪತ್ತಿ ಇರುವುದು ನಮ್ಮ ಉಸಿರಿನಿಂದ ಹೊರಗಿನ ಸೂಕ್ಷ್ಮ ಜೀವಕ್ಕೆ ತೊಂದರೆಯಾಗದಿರಲಿ ಎಂದು. ಸರ್ಜಿಕಲ್ ಮಾಸ್ಕ್ ಕೂಡ ಮುಖ್ಯವಾಗಿ ಧರಿಸಿದವರ ಬಾಯಿಂದ ಹೊರಬೀಳುವುದನ್ನು ತಡೆಯಲು. ಎರಡರಲ್ಲೂ ಕೆನ್ನೆಯ ಬದಿ ತೆರೆದಿರುತ್ತದೆ, ಉಸಿರೆಳೆದಾಗ ಗಾಳಿ ಬಟ್ಟೆಯ ಮೂಲಕ ಬರದೆ ಆ ಸಂದಿಯಿಂದ ಬರುತ್ತದೆ. ಇಲ್ಲಿ ಬೇಕಾಗಿರುವುದು ಹೊರಗಿನ ಧೂಳು ಒಳಗೆ ಬರದಂತೆ ಮುಖಕ್ಕೆ ಅಂಟಿ ಕೂರುವ ಎನ್-95 ಅಥವಾ ಎಫ್‌ಎಫ್‌ಪಿ-2 ಮಾಸ್ಕ್. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಬಿಗಿಯಾಗಿ ಕೂರುತ್ತದೆ.

ಹಾಕಿಕೊಂಡ ಮೇಲೆ ಮೂಗಿನ ಮೇಲಿನ ತಗಡಿನ ಪಟ್ಟಿಯನ್ನು ಎರಡು ಕೈಬೆರಳಿನಿಂದ ಒತ್ತಿ ಮೂಗಿನ ಆಕಾರಕ್ಕೆ ತನ್ನಿ. ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೋ ಕೆನ್ನೆಯ ಕಡೆಗೋ ಗಾಳಿ ತಾಗಿದರೆ ಸರಿಯಾಗಿ ಕೂತಿಲ್ಲ. ಕನ್ನಡಕ ಹಾಕುವವರಿಗೆ ಗಾಜು ಮಂಜಾಗುವುದೇ ಸೂಚನೆ. ಗಡ್ಡವಿದ್ದರೆ ಯಾವ ಮಾಸ್ಕೂ ಅಂಟಿ ಕೂರುವುದಿಲ್ಲ, ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಬೆವರಿನಿಂದಲೋ ದ್ರಾವಣದಿಂದಲೋ ಮಾಸ್ಕ್ ಒದ್ದೆಯಾದರೆ ಹೊರಗೆ ಹೋಗಿ ಬದಲಿಸಿ. ಇಬ್ಬರು ಅರ್ಧ ದಿನ ಕೆಲಸ ಮಾಡಲು ನಾಲ್ಕೈದು ಮಾಸ್ಕ್ ಬೇಕಾಗುತ್ತದೆ.

ಅಟ್ಟ ತುಂಬ ಹಿಕ್ಕೆ ಹರಡಿದ್ದು, ಒಂದಕ್ಕಿಂತ ಹೆಚ್ಚು ಗೂಡು ಇದ್ದು, ಕಿಟಕಿಯೂ ಇಲ್ಲದಿದ್ದರೆ ಎನ್-95 ಕೂಡ ಸಾಲದು. ಬದಲಿಸಬಹುದಾದ ಪಿ-100 ಫಿಲ್ಟರ್ ಇರುವ ರಬ್ಬರಿನ ಅರ್ಧಮುಖದ ಮಾಸ್ಕ್ ಇರುವ ವೃತ್ತಿಪರರನ್ನು ಕರೆಯುವ ಕೆಲಸ ಅದು. ಹಾಗೆ ಕರೆಯುವಾಗ ವಿಷ ಇಡಬಾರದು, ಶುಚಿ ಮಾತ್ರ ಮಾಡಬೇಕು ಎಂಬುದನ್ನು ಮೊದಲೇ ಹೇಳಿ.

ಉಬ್ಬಸ ಇರುವವರು, ಗರ್ಭಿಣಿಯರು, ಮಕ್ಕಳು ಈ ಕೋಣೆಯೊಳಗೆ ಬರಬಾರದು. ಉಪವಾಸ ಇರುವವರೂ ಅಂದು ಈ ಕೆಲಸಕ್ಕೆ ಕೈ ಹಾಕದಿರಲಿ. ಬಿಗಿ ಮಾಸ್ಕ್ ಮತ್ತು ರಬ್ಬರ್ ಕೈಗವಸಿನಲ್ಲಿ ಬೆವರು ಸುರಿಯುತ್ತದೆ, ನೀರು ಕುಡಿಯದೆ ತಲೆ ಸುತ್ತುತ್ತದೆ.

ದ್ರಾವಣ ತಯಾರಿ

ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚಿನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಎಷ್ಟಿದೆ ಎಂದು ಬಾಟಲಿಯ ಮೇಲೆ ಬರೆದಿರುತ್ತದೆ. ಶೇಕಡಾ 5ರದಾಗಿದ್ದರೆ ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು. ನಮ್ಮ ಉದಾಹರಣೆಯ ಉಗ್ರಾಣಕ್ಕೆ ಐದು ಲೀಟರ್ ಸಾಕು. ಅಂದರೆ 500 ಮಿಲಿ ಬ್ಲೀಚ್, ನಾಲ್ಕೂವರೆ ಲೀಟರ್ ನೀರು. ಬಾಟಲಿಯ ಮೇಲೆ ಶೇಕಡಾ 10 ಎಂದಿದ್ದರೆ ಬ್ಲೀಚ್ ಅರ್ಧಕ್ಕೆ ಇಳಿಸಿ, 250 ಮಿಲಿ ಸಾಕು.

ಹಳ್ಳಿಯಲ್ಲಿ ಸುಲಭವಾಗಿ ಸಿಗುವುದು ಬ್ಲೀಚಿಂಗ್ ಪೌಡರ್. ಹೊಸ ಪ್ಯಾಕೆಟ್ ಆದರೆ ಲೀಟರ್ ನೀರಿಗೆ 15 ಗ್ರಾಂ, ಅಂದರೆ ದಿಬ್ಬವಾಗಿ ತುಂಬಿದ ಒಂದು ದೊಡ್ಡ ಚಮಚ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಗಸಿ ಸ್ಪ್ರೇ ಬಾಟಲಿಯ ಬಾಯಿ ಕಟ್ಟುತ್ತದೆ. ಕಳೆದ ವರ್ಷ ಬಾಯಿ ತೆರೆದಿಟ್ಟ ಪೌಡರ್ ಗಟ್ಟಿಯಾಗಿ ವಾಸನೆ ಕಳೆದುಕೊಂಡಿದ್ದರೆ ಅದರಲ್ಲಿ ಶಕ್ತಿ ಉಳಿದಿಲ್ಲ, ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ತಣ್ಣೀರನ್ನೇ ಬಳಸಿ, ಬಿಸಿನೀರಿನಲ್ಲಿ ಬ್ಲೀಚ್ ಬೇಗ ಹಾಳಾಗುತ್ತದೆ. ಅಂದಿನದನ್ನು ಅಂದೇ ಮಾಡಿಕೊಳ್ಳಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ಶೌಚಾಲಯ ತೊಳೆಯುವ ಆಸಿಡ್, ವಿನಿಗರ್, ಅಮೋನಿಯ ಇರುವ ಗಾಜು ಒರೆಸುವ ದ್ರವ, ಇವು ಯಾವುದನ್ನೂ ಬ್ಲೀಚಿನ ಜೊತೆ ಸೇರಿಸಬೇಡಿ, ಒಂದರ ಮೇಲೊಂದು ಸುರಿಯಲೂ ಬೇಡಿ. ಅದರಿಂದ ಏಳುವ ವಿಷಗಾಳಿಯನ್ನು ಎನ್-95 ತಡೆಯುವುದಿಲ್ಲ. ಇಲಿ ಮೂತ್ರ ತುಂಬ ಇದ್ದ ಜಾಗಕ್ಕೆ ಬ್ಲೀಚ್ ಬಿದ್ದಾಗಲೂ ಸ್ವಲ್ಪ ಘಾಟು ಏಳುತ್ತದೆ. ಕಣ್ಣು ಉರಿದರೆ, ಕೆಮ್ಮು ಬಂದರೆ ತಕ್ಷಣ ಹೊರಗೆ ಬಂದು, ವಾಸನೆ ಇಳಿದ ಮೇಲೆ ಒಳಹೋಗಿ.

ಕೆಲಸದ ದಿನ

ಬೆಳಿಗ್ಗೆ ಎಂಟಕ್ಕೆ ಬಾಗಿಲು ಕಿಟಕಿ ತೆರೆದು ಹೊರಗೆ ಬಂದುಬಿಡಿ. ಅರ್ಧ ಗಂಟೆ ಗಾಳಿಯಾಡಲಿ. ಫ್ಯಾನ್ ಹಾಕಬೇಡಿ, ಅದು ಧೂಳೆಬ್ಬಿಸುತ್ತದೆ. ಬದಲಿಗೆ ಆ ಕೋಣೆಯ ಮೈನ್ ಸ್ವಿಚ್ ಆರಿಸಿ. ಇಲಿ ಇದ್ದ ಕಡೆ ವೈರ್ ಕಡಿದಿರುತ್ತದೆ, ಅಂಥ ಗೋಡೆಗೆ ನೀರು ಸಿಂಪಡಿಸಿದರೆ ಶಾಕ್ ಹೊಡೆಯುವ ಭಯವಿದೆ. ಬೆಳಕಿಗೆ ಟಾರ್ಚ್ ಇರಲಿ.

ಎಂಟೂವರೆಗೆ ಮಾಸ್ಕ್, ಮೊಣಕೈವರೆಗೆ ಬರುವ ರಬ್ಬರ್ ಕೈಗವಸು, ಮುಚ್ಚಿದ ಚಪ್ಪಲಿ ಅಥವಾ ಗಂಬೂಟು, ಉದ್ದ ತೋಳಿನ ಹಳೆ ಬಟ್ಟೆ, ಅಟ್ಟದ ಕೆಲಸವಿದ್ದರೆ ಕಣ್ಣಿಗೆ ಕನ್ನಡಕ ಧರಿಸಿ ಬಾಗಿಲಿನಿಂದ ಶುರು ಮಾಡಿ ಒಳಕ್ಕೆ ಹೋಗಿ. ಒಳಗಿನಿಂದ ಶುರು ಮಾಡಿದರೆ ಒಣಗಿದ ಹಿಕ್ಕೆಯನ್ನು ತುಳಿದುಕೊಂಡೇ ಹೋಗಬೇಕಾಗುತ್ತದೆ. ಸ್ಪ್ರೇ ಬಾಟಲಿಯ ಬಾಯಿಯನ್ನು ದೊಡ್ಡ ಹನಿ ಬೀಳುವಂತೆ ಸಡಿಲಿಸಿ, ಒಂದಡಿ ಎತ್ತರದಿಂದ ಮೆಲ್ಲಗೆ ಹನಿಸಿ. ಜೋರು ಧಾರೆ ಒಣ ಹಿಕ್ಕೆಯನ್ನು ಚಿಮ್ಮಿಸುತ್ತದೆ. ಹಿಕ್ಕೆಯೂ ಅದರ ಸುತ್ತಲಿನ ನೆಲವೂ ಪೂರ್ತಿ ತೊಯ್ದಿರಬೇಕು. ಹಾಗೆ ಐದು ನಿಮಿಷ ಬಿಡಿ. ಮಧ್ಯೆ ಒಣಗಿದರೆ ಮತ್ತೆ ಹನಿಸಿ. ಬ್ಲೀಚ್ ಕೆಲಸ ಮಾಡುವುದು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ. ಸಿಂಪಡಿಸಿದ ತಕ್ಷಣ ಒರೆಸಿದರೆ ಕೊಳೆ ಹೋಗುತ್ತದೆ, ರೋಗಾಣು ಉಳಿಯುತ್ತದೆ.

ಆಮೇಲೆ ಹಳೆಯ ಬಟ್ಟೆಯ ಚೂರು ಅಥವಾ ದಿನಪತ್ರಿಕೆಯಿಂದ ಒದ್ದೆ ಹಿಕ್ಕೆಯನ್ನು ಒಟ್ಟುಗೂಡಿಸಿ ಎತ್ತಿ, ಬಟ್ಟೆ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಆ ಬಟ್ಟೆಯನ್ನು ಹಿಂಡಿ ಮತ್ತೆ ಬಳಸಬೇಡಿ. ವ್ಯಾಕ್ಯೂಮ್ ಕ್ಲೀನರ್ ಸಂಪೂರ್ಣ ನಿಷಿದ್ಧ. ಅದು ಮುಂದಿನಿಂದ ಎಳೆದ ಸೂಕ್ಷ್ಮ ಧೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ.

ಗೂಡಿಗೆ ಹೆಚ್ಚು ಹೊತ್ತು ಬೇಕು

ಹಿಕ್ಕೆ ನೆನೆದಷ್ಟು ಬೇಗ ಗೂಡು ನೆನೆಯುವುದಿಲ್ಲ. ಬಟ್ಟೆ, ನಾರು, ಕಾಗದ, ಹತ್ತಿಯನ್ನು ಇಲಿ ಬಿಗಿಯಾಗಿ ಒತ್ತಿ ಕಟ್ಟಿರುತ್ತದೆ. ಮೇಲೆ ಸಿಂಪಡಿಸಿದರೆ ಹೊರ ಪದರ ಮಾತ್ರ ತೋಯುತ್ತದೆ, ಎತ್ತಿದಾಗ ಒಳಗಿನ ಒಣ ಪುಡಿ ಮುಖಕ್ಕೆ ಬೀಳುತ್ತದೆ. ಆದ್ದರಿಂದ ಗೂಡಿನ ಮೇಲೆ ದ್ರಾವಣವನ್ನು ಸಣ್ಣ ಚೊಂಬಿನಿಂದ ನಿಧಾನವಾಗಿ ಸುರಿದು ಐದು ನಿಮಿಷ ಬಿಡಿ. ಒಂದು ಕೋಲಿನಿಂದ ಮೇಲಿನ ಪದರವನ್ನು ಮೆಲ್ಲಗೆ ಸರಿಸಿ ನೋಡಿ. ಒಣ ಬಣ್ಣ ಕಂಡರೆ ಮತ್ತೆ ಸುರಿದು ಮತ್ತೆ ಐದು ನಿಮಿಷ. ತಳದವರೆಗೆ ತೊಯ್ದು ಭಾರವಾದ ಮೇಲೆ, ಹಳೆಯ ರಟ್ಟಿನ ಚೂರನ್ನು ಅಡಿಗೆ ತೂರಿಸಿ ಇಡಿಯಾಗಿ ಎತ್ತಿ ಚೀಲಕ್ಕೆ ಹಾಕಿ. ಗೂಡಿದ್ದ ಜಾಗಕ್ಕೆ ಇನ್ನೊಮ್ಮೆ ದ್ರಾವಣ ಹಾಕಿ ಒರೆಸಿ. ಸತ್ತ ಇಲಿ ಸಿಕ್ಕರೂ ಇದೇ ಕ್ರಮ.

ತುಂಬಿದ ಚೀಲದ ಗಾಳಿಯನ್ನು ಒತ್ತಿ ತೆಗೆಯಬೇಡಿ. ಹಾಗೆಯೇ ಬಾಯಿ ಕಟ್ಟಿ, ಎರಡನೆಯ ಚೀಲದಲ್ಲಿಟ್ಟು ಅದನ್ನೂ ಕಟ್ಟಿ. ನಗರದಲ್ಲಿ ಕಸದ ಗಾಡಿಗೆ ಕೊಡುವಾಗ ಒಳಗೆ ಏನಿದೆ ಎಂದು ಪೌರಕಾರ್ಮಿಕರಿಗೆ ಹೇಳಿ, ಅವರು ಬರಿಗೈಯಲ್ಲಿ ಬಿಚ್ಚದಿರಲಿ. ಗಾಡಿ ಬರದ ಊರಲ್ಲಿ ಬಾವಿ ಮತ್ತು ಕೆರೆಯಿಂದ ದೂರ ಎರಡು ಮೂರು ಅಡಿ ಆಳದ ಗುಂಡಿ ತೋಡಿ ಹೂಳಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಸುಡಲೂ ಬೇಡಿ.

ಪಾತ್ರೆ, ವಸ್ತ್ರ, ಪುಸ್ತಕ, ಅಕ್ಕಿ

ಎಲ್ಲ ವಸ್ತುವಿಗೂ ಬ್ಲೀಚ್ ಸಲ್ಲದು. ನೆಲ, ಗಾರೆ ಗೋಡೆ, ಪ್ಲಾಸ್ಟಿಕ್ ಡಬ್ಬ, ಬಣ್ಣ ಹಚ್ಚಿದ ಕಪಾಟಿಗೆ ಸರಿ. ಹತ್ತು ನಿಮಿಷದ ನಂತರ ಬರೀ ನೀರಿನಿಂದ ಒರೆಸಿಬಿಡಿ. ಹಿತ್ತಾಳೆ, ತಾಮ್ರ, ಬೆಳ್ಳಿ, ಅಲ್ಯುಮಿನಿಯಂಗೆ ಬ್ಲೀಚ್ ತಾಗಿದರೆ ಕಪ್ಪಾಗಿ ಗುಳಿ ಬೀಳುತ್ತದೆ. ಪೂಜಾ ಪಾತ್ರೆಗಳನ್ನು ಕೈಗವಸು ಹಾಕಿಯೇ ಹೊರಗೆ ತಂದು ಪಾತ್ರೆ ತೊಳೆಯುವ ಸೋಪು ಮತ್ತು ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಕುದಿಯುವ ನೀರು ಹೊಯ್ದು ಬಿಸಿಲಿಗಿಡಿ. ಹಂಟಾ ವೈರಸ್ಸಿನ ಹೊರಕವಚ ಕೊಬ್ಬಿನದು. ಸೋಪು ಅದನ್ನು ಒಡೆಯುತ್ತದೆ. ಲೋಹದ ಬಿಂಬಗಳಿಗೂ ಕಲ್ಲಿನ ಮೂರ್ತಿಗಳಿಗೂ ಬ್ಲೀಚಿನ ಹನಿ ತಾಗದಂತೆ ಸಿಂಪಡಿಸುವ ಮೊದಲೇ ಬೇರೆಡೆ ಇಡಿ ಅಥವಾ ಪ್ಲಾಸ್ಟಿಕ್ ಹೊದಿಸಿ.

ವಸ್ತ್ರಗಳನ್ನು ಕೊಡವಬೇಡಿ. ಮಡಿಕೆಯೊಳಗಿನ ಹಿಕ್ಕೆ ಗಾಳಿಗೆ ಏಳುವುದು ಆ ಕೊಡವಿನಿಂದಲೇ. ಮಡಚಿದಂತೆಯೇ ಬಕೆಟ್ಟಿಗೆ ಇಳಿಸಿ, ಸೋಪಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆದು ಬಿಸಿಲಿನಲ್ಲಿ ಒಣಗಿಸಿ. ಇಲಿ ಕಡಿದ ಹಾಸಿಗೆ ದಿಂಬಿನ ಒಳಗೆ ಗೂಡು ಇದ್ದರೆ ಅದನ್ನು ಉಳಿಸಿಕೊಳ್ಳಲು ಹೋಗಬೇಡಿ.

ಮುದ್ರಿತ ಪುಸ್ತಕಗಳನ್ನು ನೆನೆಸಲಾಗದು. ಇಲ್ಲಿ ನಮಗೆ ನೆರವಾಗುವುದು ಕಾಲ. ಪೆಟ್ಟಿಗೆಯಲ್ಲಿಟ್ಟು ಇಲಿ ಬಾರದ ಒಣ ಕೋಣೆಯಲ್ಲಿ ಮೂರು ವಾರ ಮುಟ್ಟದೆ ಬಿಡಿ. ಅಷ್ಟರಲ್ಲಿ ಒಣಗಿದ ಕಾಗದದ ಮೇಲೆ ಹಂಟಾ ವೈರಸ್ ಉಳಿಯದು. ಆಮೇಲೂ ಮಾಸ್ಕ್ ಕೈಗವಸು ಧರಿಸಿ, ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ ನಿಂತು ಹಿಕ್ಕೆಯನ್ನು ಚಿಮಟದಿಂದ ಹೆಕ್ಕಿ, ಮೇಲಿನ ಹೊದಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ತಾಳೆಗರಿಯ ಗ್ರಂಥಗಳಿದ್ದರೆ ಅವನ್ನು ಬಿಸಿಲಿಗೆ ಇಡಬೇಡಿ, ಒರೆಸಲೂ ಬೇಡಿ. ಬಿಸಿಲಿಗೆ ಗರಿ ಸೆಟೆದು ಬಿರಿಯುತ್ತದೆ, ನೀರಿಗೆ ಮಸಿ ಹೋಗುತ್ತದೆ. ಕಟ್ಟು ಬಿಚ್ಚದೆ ನೆರಳಿನ ಒಣ ಜಾಗದಲ್ಲಿ ಪ್ರತ್ಯೇಕವಾಗಿಟ್ಟು, ಹಸ್ತಪ್ರತಿ ಸಂರಕ್ಷಣೆ ಬಲ್ಲವರ ಕೈಗೆ ಕೊಡುವುದೇ ಸರಿ.

ಅಕ್ಕಿ ಚೀಲದ ವಿಷಯದಲ್ಲಿ ಮನಸ್ಸು ಒಪ್ಪದಿದ್ದರೂ ಹೇಳಲೇಬೇಕು. ಇಲಿ ತೂತು ಮಾಡಿದ ಚೀಲದ ಧಾನ್ಯವನ್ನು ಆರಿಸಿ ತೊಳೆದು ಬಳಸುವಂತಿಲ್ಲ. ಹಿಕ್ಕೆ ಕಾಣುತ್ತದೆ, ಮೂತ್ರ ಕಾಣುವುದಿಲ್ಲ. ಹಸುವಿಗೋ ಹಕ್ಕಿಗೋ ಹಾಕಿದರೆ ಆ ಕೊಳೆ ಅವುಗಳ ಹೊಟ್ಟೆಗೆ ಹೋಗುತ್ತದೆ. ಅದನ್ನು ಗೂಡಿನ ಜೊತೆಗೇ ಹೂಳಿ. ಮುಚ್ಚಳ ಭದ್ರವಾಗಿರುವ ಟಿನ್ನು, ಗಾಜಿನ ಭರಣಿಯ ಪದಾರ್ಥಕ್ಕೆ ತೊಂದರೆಯಿಲ್ಲ. ಹೊರಮೈ ತೊಳೆದು ಒರೆಸಿದರೆ ಸಾಕು.

ಕೊನೆಯ ಸುತ್ತು

ಕೋಣೆ ಖಾಲಿಯಾದ ಮೇಲೆ ಇಡೀ ನೆಲವನ್ನೂ ಗೋಡೆಯ ಕೆಳಗಿನ ಎರಡಡಿಯನ್ನೂ ಉಳಿದ ದ್ರಾವಣದಿಂದ ಒರೆಸಿ, ಹತ್ತು ನಿಮಿಷ ಬಿಟ್ಟು ನೀರಿನಿಂದ ಒರೆಸಿ, ಒಣಗುವವರೆಗೆ ಬಾಗಿಲು ತೆರೆದಿಡಿ. ಗೋಡೆ, ಸ್ವಿಚ್ ಬೋರ್ಡು ಪೂರ್ತಿ ಒಣಗಿ, ಎಲೆಕ್ಟ್ರಿಷಿಯನ್ ವೈರ್ ನೋಡಿದ ಮೇಲಷ್ಟೇ ಮೈನ್ ಹಾಕಿ.

ಹೊರಗೆ ಬಂದು ಮೊದಲು ಕೈಗವಸು ಧರಿಸಿದ ಕೈಯನ್ನೇ ದ್ರಾವಣದಲ್ಲಿ ಅದ್ದಿ ಸೋಪು ಹಾಕಿ ತೊಳೆಯಿರಿ. ಆಮೇಲೆ ಒಳಮೈ ಹೊರಗೆ ಬರುವಂತೆ ಕಳಚಿ. ಬರಿಗೈ ತೊಳೆದುಕೊಂಡು, ಎಲ್ಲಕ್ಕಿಂತ ಕೊನೆಗೆ ಮಾಸ್ಕನ್ನು ಹಿಂದಿನ ಪಟ್ಟಿ ಹಿಡಿದು ತೆಗೆಯಿರಿ. ಮುಂಭಾಗ ಮುಟ್ಟಬೇಡಿ, ಧೂಳು ಕೂತಿರುವುದು ಅಲ್ಲಿ. ಮತ್ತೊಮ್ಮೆ ಕೈ ತೊಳೆದು, ಸ್ನಾನ ಮಾಡಿ, ಅಂದಿನ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ.

ಇಲಿ ಜ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಕೆಲವೊಮ್ಮೆ ತಿಂಗಳ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹಂಟಾ ಸೋಂಕು ಎಂಟು ವಾರದವರೆಗೂ ತಡವಾಗಬಹುದು. ಈ ಅವಧಿಯಲ್ಲಿ ಚಳಿಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕೆಂಪಗಾದ ಕಣ್ಣು, ಹಳದಿ ಮೂತ್ರ ಅಥವಾ ಏದುಸಿರು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಿ, 'ಇಂಥ ದಿನ ಇಲಿ ಇದ್ದ ಉಗ್ರಾಣ ಶುಚಿ ಮಾಡಿದ್ದೆ' ಎಂದು ಹೇಳಿ. ಈ ಮಾತು ಕೇಳದಿದ್ದರೆ ಅವರು ಅದನ್ನು ಸಾಮಾನ್ಯ ಜ್ವರವೆಂದು ಭಾವಿಸುವುದು ಸಹಜ. ಇಲಿ ಜ್ವರಕ್ಕೆ ಔಷಧವಿದೆ, ಅದು ಬೇಗ ಶುರುವಾದಷ್ಟೂ ಮೂತ್ರಪಿಂಡ ಮತ್ತು ಯಕೃತ್ತು ಉಳಿಯುತ್ತವೆ. ಉಗ್ರಾಣ ತೊಳೆದ ದಿನಾಂಕವನ್ನೂ ಒಳಗೆ ಹೋದವರ ಹೆಸರನ್ನೂ ಬಸದಿಯ ದಿನಚರಿ ಪುಸ್ತಕದಲ್ಲಿ ಬರೆದಿಡಿ. ಎಂಟು ವಾರ ಕಳೆಯುವವರೆಗೆ ಅವರಲ್ಲಿ ಯಾರಿಗಾದರೂ ಜ್ವರ ಬಂದರೆ ಆ ಪುಟ ಬೇಕಾಗುತ್ತದೆ.